ಹದಿನಾಲ್ಕನೇ ವಾರ

ಸೋಮವಾರ ಬೆಳಿಗ್ಗೆ ನನ್ನನ್ನು ಯಾರೂ ಮಾತಾಡಿಸಬಾರದು. ತಿಪಟೂರಿನ ನಮ್ಮ ಕೊಬ್ಬರಿ ಮಂಡಿಯಲ್ಲಿ ಇದು ಹಮಾಲರಿಗೂ ಗೊತ್ತು. ನೊಣವಿನಕೆರೆ ಬಸ್ಸಿಳಿದು ಬಂದವಳೇ ಕಂಪ್ಯೂಟರ್ ಹಚ್ಚಿ ಮುಂದಿನ ಹದಿಮೂರು ವಾರಗಳನ್ನು ತೆರೆದುಕೊಂಡು ಕೂರುತ್ತೇನೆ. ಆಗ ಯಾರಾದರೂ ಬಂದು 'ಯಮುನಕ್ಕ, ಟೀ' ಅಂದರೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ.

ಓದಿದವರಿಗೂ ಇದು ಏನೆಂದು ಬಿಡಿಸಿ ಹೇಳಬೇಕಾಗುತ್ತದೆ, ಹೇಳಿಬಿಡುತ್ತೇನೆ. ಮಂಡಿಯ ಲೆಕ್ಕ ಬರೆಯುವ ನಾನು ಇಟ್ಟಿರುವ ಹಣದ ಪಟ್ಟಿ ಇದು. ಸಾಲಾಗಿ ಹದಿಮೂರು ಕಾಲಂ, ಒಂದೊಂದು ಒಂದೊಂದು ವಾರ. ಮೊದಲನೆಯದರ ನೆತ್ತಿಯ ಮೇಲೆ ಈ ಬೆಳಿಗ್ಗೆ ಬ್ಯಾಂಕಿನಲ್ಲಿ ನಿಜವಾಗಿ ಇರುವ ಹಣ. ಅದಕ್ಕೆ ಆ ವಾರ ಬರುವುದನ್ನು ಕೂಡಿಸಿ, ಆ ವಾರ ಹೋಗುವುದನ್ನು ಕಳೆದರೆ ಉಳಿದದ್ದು ಮುಂದಿನ ವಾರದ ನೆತ್ತಿಗೆ ಹೋಗುತ್ತದೆ. ಹೀಗೇ ಕೊನೆಯವರೆಗೆ. ಮುಂದಿನ ಸೋಮವಾರ ಮುಗಿದ ವಾರವನ್ನು ತೆಗೆದು, ನಾನು ಅಂದುಕೊಂಡಿದ್ದೇನು, ಆಗಿದ್ದೇನು ಎಂದು ಹೋಲಿಸಿ, ಬಾಲಕ್ಕೆ ಹೊಸ ವಾರವೊಂದನ್ನು ಕಟ್ಟುತ್ತೇನೆ. ಬಿಲ್ಲಿನಲ್ಲಿರುವ ತಾರೀಖನ್ನು ನಾನು ನಂಬುವವಳಲ್ಲ. ದಿಲ್ಲಿಯ ದೊಡ್ಡ ವ್ಯಾಪಾರಿಗೆ ಮೂವತ್ತು ದಿನದ ವಾಯಿದೆ, ಆದರೆ ಆ ಪುಣ್ಯಾತ್ಮ ನಲವತ್ತೈದಕ್ಕೆ ಮುಂಚೆ ಕೊಟ್ಟ ದಾಖಲೆಯೇ ಇಲ್ಲ. ಅವನ ಹಣವನ್ನು ಅವನು ಕೊಡುವ ವಾರದಲ್ಲೇ ಬರೆಯುತ್ತೇನೆ.

ಹತ್ತಿರದ ವಾರಗಳು ಗಟ್ಟಿಯಾಗಿರುತ್ತವೆ. ದೂರದವು ಹಾಗಲ್ಲ. ಮಧ್ಯಾಹ್ನ ಊಟವಾದ ಮೇಲೆ, ಒಣ ಕೊಬ್ಬರಿಯ ಸಿಹಿ ವಾಸನೆಯಲ್ಲಿ ಫ್ಯಾನು ತಿರುಗುತ್ತಿರುವಾಗ, ಹನ್ನೊಂದು ಹನ್ನೆರಡನೇ ವಾರಗಳ ಕಡೆ ನೋಡುತ್ತ ಕೂತರೆ ನಾನು ಅಲ್ಲೇ ಓಡಾಡುತ್ತಿರುತ್ತೇನೆ. ಅಲ್ಲಿ ಆಗಲೇ ಚಳಿ ಬಿದ್ದಿರುತ್ತದೆ, ತೋಟದಲ್ಲಿ ಅವರೆ ಹೂ ಬಿಟ್ಟಿರುತ್ತದೆ. ಇಲ್ಲಿ ಇನ್ನೂ ಗೌರಿ ಹಬ್ಬದ ಬಾಗಿನ ಕೊಟ್ಟು ಮುಗಿದಿರುವುದಿಲ್ಲ. ಹುಚ್ಚು ಅನ್ನಿ ಬೇಕಾದರೆ, ನನಗೆ ಅದು ಇಷ್ಟ.

ನಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹಣವಿತ್ತು. ಇಲ್ಲಿಯ ಬೆಳೆಗಾರರು ಕೊಬ್ಬರಿ ಮಾರಿದ ದಿನವೇ ಎಲ್ಲವನ್ನೂ ಒಯ್ಯುವುದಿಲ್ಲ. ಖರ್ಚಿಗೆ ಬೇಕಾದಷ್ಟು ತೆಗೆದುಕೊಂಡು, 'ಮಿಕ್ಕಿದ್ದು ನಿಮ್ಮತ್ರನೇ ಇರ್ಲಿ ಬುಡಿ' ಎಂದು ಎದ್ದು ಹೋಗುತ್ತಾರೆ. ಚೀಟಿಯಿಲ್ಲ, ಬಡ್ಡಿಯಿಲ್ಲ. ಕೇಳಿದ ದಿನ ಕೊಡಬೇಕು, ಅಷ್ಟೇ. ನಮ್ಮ ಯಜಮಾನರು ಶಂಭುಲಿಂಗಯ್ಯನವರು ಹಾಗೆ ಬಂದ ಯಾರನ್ನೂ ಇವತ್ತಿನವರೆಗೆ ಬರಿಗೈಯಲ್ಲಿ ಕಳಿಸಿದವರಲ್ಲ. ಆ ಮಾತೇ ಅವರ ಆಸ್ತಿ. ಆದರೆ ಆ ಹಣವನ್ನು ಯಾವ ವಾರಕ್ಕೆ ಬರೆಯಲಿ ಅಂದರೆ ನಗುತ್ತಿದ್ದರು.

"ಹದ್ನಾಕನೇ ವಾರಕ್ಕೆ ಹಾಕಮ್ಮ" ಎನ್ನುತ್ತಿದ್ದರು.

ಹದಿನಾಲ್ಕನೇ ವಾರ ನನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಪ್ರತಿ ಸೋಮವಾರ ಅದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅಲ್ಲಿ ಒಂದು ಊರಿನ ಹಣವೆಲ್ಲ ಸುಖವಾಗಿ ನಿದ್ದೆ ಹೊಡೆಯುತ್ತಿತ್ತು.

ಈ ವರ್ಷ ಬ್ಯಾಂಕಿನವರು ಓ.ಡಿ. ಸಾಲದ ಲಿಮಿಟ್ ನವೀಕರಿಸಲು ನನ್ನ ಪಟ್ಟಿ ಕೇಳಿದರು. ಲಿಮಿಟ್ಟಿನಷ್ಟೂ ಸಾಲ ಆಗಲೇ ಕಂಠಮಟ್ಟ ತೆಗೆದು ಮುಗಿದಿತ್ತು. ಸುಳ್ಳು ಪಟ್ಟಿ ಕೊಡಲಾರೆ ಎಂದು ಹಟ ಹಿಡಿದೆ.

"ದುಡ್ಡು ಯಾವಾಗ ಬೇಕು ಅಂತ ಬೆಳೆಗಾರ್ರನ್ನೇ ಕೇಳ್ತೀನಿ" ಎಂದೆ.

"ಬ್ಯಾಡ ಕಣಮ್ಮ" ಎಂದರು ಯಜಮಾನರು. "ಹಂಗೆ ಕೇಳಬಾರ್ದು. ಮನೆಗೆ ಬಂದ ನೆಂಟ್ರನ್ನ ಯಾವತ್ತು ಹೊಂಟೀರಿ ಅಂತ ಕೇಳಿದಂಗಾಯ್ತದೆ."

ನಾನು ಕೇಳಿದೆ. ಒಬ್ಬೊಬ್ಬರಿಗೇ ಫೋನ್ ಮಾಡಿ, ಮರ್ಯಾದೆಯಿಂದಲೇ, 'ನಿಮ್ಮ ಹಣ ಯಾವಾಗ ಬೇಕಾಗಬಹುದು' ಎಂದು ಕೇಳಿದೆ. ಅತ್ತ ಕಡೆಯಿಂದ, 'ಯಾಕವ್ವ, ಏನಾಯ್ತು?' ಕೇಳಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಆದರೆ ಸರಿಯಾದದ್ದನ್ನು ಮಾಡಿದರೆ ಊರು ಸುಮ್ಮನಿರುತ್ತದೆ ಎಂದುಕೊಂಡಿದ್ದು ನನ್ನ ಪೆದ್ದುತನ.

ಮಾರನೇ ದಿನ ಸಂಪಿಗೆ ಊರಿನ ಬೆಳೆಗಾರ ಹನುಮಂತರಾಯ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಮಂಡಿ ಮುಳುಗುತ್ತಿದೆ, ಅದಕ್ಕೇ ಲೆಕ್ಕ ಮುಗಿಸುತ್ತಿದ್ದಾರೆ ಎಂದು ತುರುವೇಕೆರೆ ಬಸ್ಸಿನಲ್ಲೇ ಸುದ್ದಿಯಂತೆ. ಅವರ ಹಿಂದೆ ಇನ್ನಿಬ್ಬರು. ಸಂಜೆಯೊಳಗೆ ಜಗಲಿ ತುಂಬಿತು. ಯಾರೂ ಜಗಳವಾಡಲಿಲ್ಲ, ಅದೇ ಕಷ್ಟ. ತಲೆ ತಗ್ಗಿಸಿ ಕೂತು, 'ಸ್ವಲ್ಪ ಖರ್ಚಿತ್ತು' ಅನ್ನುತ್ತಿದ್ದರು.

ಯಜಮಾನರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾಲ್ಕು ತಿರುಗಿ ಹೇಳಿ ಹಗುರಾಗುತ್ತಿದ್ದೆ. "ಇರೋ ದುಡ್ಡು ಎಲ್ಲಿಗಂಟ ಬತ್ತೈತೆ ನೋಡಮ್ಮ" ಎಂದರಷ್ಟೇ.

ವಾರಕ್ಕೊಮ್ಮೆ ಮಾಡುವ ಪಟ್ಟಿಯನ್ನು ದಿನಾ ಸಂಜೆ ಹೊಸದಾಗಿ ಮಾಡತೊಡಗಿದೆ. ಎರಡು ವಾರ ತಡೆಯುತ್ತಿತ್ತು, ಮೂರನೆಯದು ಹಣ ಸಾಲದೆ ಕೆಂಪಾಗಿತ್ತು. ದಿಲ್ಲಿಯವನಿಗೆ ಫೋನ್ ಹಚ್ಚಿ, ಬಾಕಿಯಿರುವ ಬಿಲ್ಲುಗಳನ್ನು ಈ ವಾರವೇ ಕಟ್ಟಿದರೆ ನೂರಕ್ಕೆ ಒಂದೂವರೆ ರೂಪಾಯಿ ಬಿಡುತ್ತೇವೆ ಎಂದೆ. ಒಪ್ಪಿದ. ಆರನೇ ವಾರದಲ್ಲಿದ್ದ ಅವನ ಹಣ ಮೊದಲನೆಯದಕ್ಕೆ ಬಂತು, ಆರನೇ ವಾರ ಬರಿದಾಯಿತು. ಗೋಣಿಚೀಲದವನು ಮುಂದಿನ ತಿಂಗಳು ತೆಗೆದುಕೊಳ್ಳಲು ಒಪ್ಪಿದ. ಯಜಮಾನರು ಹೊಸ ಲಾರಿಯ ಆಸೆ ಬಿಟ್ಟರು. ಬಂದವರಿಗೆಲ್ಲ ಕೊಡುವಷ್ಟಾಯಿತು, ಇಷ್ಟಾಗಿಯೂ ಹಣ ಹೊಂದದ ಒಂದು ಹೆಸರು ಉಳಿದಿತ್ತು.

ಹಂದನಕೆರೆ ಕಡೆ ಹಟ್ಟಿಯ ನಾಗಕ್ಕ. ಕುರಿ ಮಾರಿದ್ದು, ಕೊಬ್ಬರಿ ಮಾರಿದ್ದು ಎಲ್ಲ ನಮ್ಮಲ್ಲೇ ಬಿಟ್ಟು ಬಿಟ್ಟು ಹನ್ನೊಂದು ಲಕ್ಷವಾಗಿತ್ತು. ಫೋನಿನಲ್ಲಿ ಕೇಳಿದಾಗ ಅವಳೊಬ್ಬಳೇ ಏನೂ ಹೇಳದೆ ಇಟ್ಟುಬಿಟ್ಟಿದ್ದಳು. ಈ ಎರಡು ವಾರಗಳಲ್ಲಿ ಅವಳು ಬಂದರೆ ಯಜಮಾನರು ಜೀವಮಾನದಲ್ಲಿ ಮೊದಲ ಸಲ 'ಇಲ್ಲ' ಅನ್ನಬೇಕು. ಬಾಗಿಲ ಕಡೆ ನೋಡುವುದೇ ನನ್ನ ಕೆಲಸವಾಯಿತು.

ಹತ್ತು ದಿನ ಕಳೆದು ಬಂದಳು. ಜಗಲಿಯಲ್ಲಿ ಯಾರೂ ಇರಲಿಲ್ಲ. ಯಜಮಾನರು ಎದ್ದು ನಿಂತರು.

ನಾಗಕ್ಕ ಸೀದಾ ನನ್ನ ಮೇಜಿನ ಹತ್ತಿರ ಬಂದು ಕೂತಳು. "ನೀನು ಒಂದು ಮಾತು ಕೇಳಿದ್ದೆ ಕಣವ್ವ" ಎಂದಳು. "ಯಾವಾಗ ಬೇಕು ಅಂತ. ನಮ್ಮನೇಲಿ ಎಷ್ಟೈತೆ ಅಂತ ಕೇಳವ್ರೆ, ಎಲ್ಲೈತೆ ಅಂತ ಕೇಳವ್ರೆ. ನಿಂಗೆ ಯಾವಾಗ ಬೇಕು ನಾಗಕ್ಕ ಅಂತ ಒಬ್ರೂ ಕೇಳಿಲ್ಲ. ನಂಗೇ ಗೊತ್ತಿರ್ಲಿಲ್ಲ. ಕುರಿ ಹೊಡ್ಕೊಂಡು ಹೋದಾಗೆಲ್ಲ ಅದ್ನೇ ಯೋಚ್ನೆ ಮಾಡ್ದೆ."

"ಏನ್ ಯೋಚ್ನೆ ಮಾಡಿದ್ರಿ ನಾಗಕ್ಕ?"

"ನಮ್ಮ ಪಕ್ಕದ ತೋಟ ಅರ್ಧ ಎಕರೆ ಮಾರ್ತಾವ್ರೆ. ನನ್ನ ಹೆಸ್ರಿಗೆ ಬೇಕು. ದೀಪಾವಳಿ ಕಳೆದ ಮ್ಯಾಲಿನ ವಾರ ರಿಜಿಸ್ಟ್ರಿ. ಆಗ ಬೇಕು. ಅದ್ಕಿಂತ ಮುಂಚೆ ಬ್ಯಾಡ, ಮನೇಲಿ ಉಳಿಯಲ್ಲ. ಒಂದಿನ ಆಮ್ಯಾಕೂ ಬ್ಯಾಡ."

ಎಂಟನೇ ವಾರ. ಯಜಮಾನರ ಮುಖ ನೋಡಿದೆ. ಬಂದಾಗ ಕೊಟ್ಟವರೇ ಹೊರತು, ಇಂಥ ದಿನ ಕೊಡುತ್ತೇನೆ ಎಂದು ಯಾರಿಗೂ ಮಾತು ಕೊಟ್ಟವರಲ್ಲ.

"ಬರ್ಕೊಳಮ್ಮ" ಎಂದರು, ನಿಧಾನವಾಗಿ.

ಹಬ್ಬಕ್ಕೆಂದು ಹೊಸದಾಗಿ ಕಳಿಸಿದ ಲೋಡಿನ ಹಣ ದಿಲ್ಲಿಯಿಂದ ಏಳನೇ ವಾರ ಬರಬೇಕಿತ್ತು. ನಾಗಕ್ಕನದು ಎಂಟರಿಂದ ಹೋದರೂ ಚಿಲ್ಲರೆ ಉಳಿಯುತ್ತಿತ್ತು. ಅಂದಿನಿಂದ ಸೋಮವಾರಗಳು ಬೇರೆಯಾದವು. ಪ್ರತಿ ವಾರ ಆ ಹನ್ನೊಂದು ಲಕ್ಷ ಒಂದು ಕಾಲಂ ಈ ಕಡೆಗೆ ಬರುತ್ತಿತ್ತು. ಏಳು, ಆರು, ಐದು. ಮಧ್ಯಾಹ್ನ ಕಣ್ಣು ಎಳೆಯುವಾಗ ಕೆರೆ ಏರಿಯ ಮೇಲೆ ದೂರದಿಂದ ನಾಗಕ್ಕ ನಡೆದು ಬರುತ್ತಿರುವ ಹಾಗೆ ಕಾಣುತ್ತಿತ್ತು, ಮೊದಲು ಬರೀ ಸೀರೆಯ ಬಣ್ಣ, ಆಮೇಲೆ ನಡಿಗೆ, ಆಮೇಲೆ ಮುಖ. ಇಷ್ಟು ವರ್ಷ ಎಷ್ಟೋ ಹಣ ಹೀಗೆ ಬಂದು ಹೋಗಿದೆ, ಯಾವುದಕ್ಕೂ ನನಗೆ ಮುಖ ಕಂಡಿರಲಿಲ್ಲ.

ದೀಪಾವಳಿಯೂ ಕಳೆಯಿತು. ದಿಲ್ಲಿಯವನ ಹಣ ಬರಲಿಲ್ಲ. ಅವನಿಗೆ ಹಬ್ಬ, ಅವನ ಗುಮಾಸ್ತನಿಗೂ ಹಬ್ಬ, ಫೋನ್ ಎತ್ತುವವರಿಲ್ಲ. ಸೋಮವಾರ ಹಳೆಯ ವಾರ ತೆಗೆದಾಗ ಅಂದುಕೊಂಡಿದ್ದ ಕಡೆ ದೊಡ್ಡ ಮೊತ್ತ, ಆಗಿದ್ದರ ಕಡೆ ಸೊನ್ನೆ. ಅವನ ಹಣವನ್ನು ಮುಂದಿನ ವಾರಕ್ಕೆ ತಳ್ಳಿದೆ. ಈ ವಾರ ಕೆಂಪಾಯಿತು. ರಿಜಿಸ್ಟ್ರಿ ಗುರುವಾರ.

ಪ್ರಿಂಟು ತೆಗೆದು ಯಜಮಾನರ ಮುಂದೆ ಇಟ್ಟೆ. "ಒಂದ್ವಾರ ತಡಿ ಅಂತ ಕೇಳಿದ್ರೆ ನಾಗಕ್ಕ ಇಲ್ಲ ಅನ್ನಲ್ಲ" ಎಂದೆ. ಹಾಗೆ ಹೇಳುವಾಗ ನನ್ನ ಮೇಲೇ ಸಿಟ್ಟು ಬಂತು.

ಅವರು ಅಟ್ಟದ ಕಡೆ ನೋಡಿದರು. ಅಲ್ಲಿ ಅವರ ಸ್ವಂತದ ಉಂಡೆ ಕೊಬ್ಬರಿಯಿತ್ತು. ಶಿವರಾತ್ರಿ ಹೊತ್ತಿಗೆ ಬೆಲೆ ಏರುತ್ತದೆ ಎಂದು ಕಾದಿಟ್ಟದ್ದು. ಮಾರದ ಮಾಲು ಹಣವಲ್ಲ ಎಂದು ಅದನ್ನು ನಾನು ಪಟ್ಟಿಗೆ ಸೇರಿಸಿರಲಿಲ್ಲ. ಸಂಜೆಯ ಹೊತ್ತು ಒಬ್ಬರೇ ಏಣಿ ಹತ್ತಿ ಅದರ ನಡುವೆ ಕೂತಿರುತ್ತಿದ್ದರು, ಒಣಗಿದ ಸದ್ದು ಕೇಳಲು ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತ. ಅದು ಅವರ ಹನ್ನೆರಡನೇ ವಾರ ಎಂದು ನನಗೆ ಗೊತ್ತಿತ್ತು.

"ತಡಿ ಅನ್ನೋಕೆ ಅವ್ಳೇನು ದಿನ ಗೊತ್ತಿಲ್ದೆ ಬಂದೋಳಾ?" ಎಂದರು. "ದಿನ ಕೊಟ್ಟಿದ್ದು ನಾನು."

ಬುಧವಾರ ಪಕ್ಕದ ಮಂಡಿಯ ಗಂಗಾಧರ್ ಅಂದಿನ ಬೆಲೆಗೆ, ಅಂದೇ ದುಡ್ಡು ಕೊಟ್ಟು, ಅಟ್ಟದ ಕೊಬ್ಬರಿಯನ್ನೆಲ್ಲ ತೂಗಿಸಿಕೊಂಡ. ಚೀಲಗಳು ಇಳಿದು ಹೋಗುವಷ್ಟು ಹೊತ್ತು ಯಜಮಾನರು ಹೊರಗೆ ಬರಲಿಲ್ಲ. ಅವನ ಹಣ ಬ್ಯಾಂಕಿಗೆ ಬಿದ್ದ ಕೂಡಲೇ ಹನ್ನೊಂದು ಲಕ್ಷವನ್ನು ನಾಗಕ್ಕನ ಖಾತೆಗೆ ಕಳಿಸಿದೆ.

ನಾಗಕ್ಕ ಗುರುವಾರ ಬೆಳಿಗ್ಗೆಯೇ ಬಂದಳು, ರಿಜಿಸ್ಟ್ರಿಗೆ ಹೋಗುವ ಮೊದಲು. ಹೊಸ ಸೀರೆ ಉಟ್ಟಿದ್ದಳು. ಫೋನಿನಲ್ಲಿ ಬಂದಿದ್ದ ಬ್ಯಾಂಕಿನ ಮೆಸೇಜನ್ನು ನನ್ನ ಮುಂದೆ ಹಿಡಿದು, "ಓದವ್ವ" ಎಂದಳು. ಓದಿದೆ. ಬ್ಯಾಂಕಿನ ರಸೀದಿಯನ್ನೂ ಕೊಟ್ಟೆ.

"ಇದ್ರಲ್ಲಿ ಯಾರ ಹೆಸ್ರೈತೆ?"

"ನಿಮ್ದೇ, ನಾಗಕ್ಕ."

"ನಂದೊಂದೇನಾ?"

"ನಿಮ್ದೊಂದೇ."

ಅವಳು ರಸೀದಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಎದ್ದು ಬಾಗಿಲವರೆಗೆ ಹೋದವಳು ನಿಂತಳು. "ಇನ್ನೊಂದ್ಸಲ ಹೇಳು" ಎಂದಳು.