ಮುಗಿಯದ ಬಾಟಲಿ

ಸಿರಿಂಜ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಕಡೆಯ ಮೇಜು ಅವಳದು. ಯಂತ್ರದ ಸಾಲಿನಿಂದ ಇಳಿದು ಬಂದ ಮಾಲಿನಲ್ಲಿ ಹಿಡಿಹಿಡಿ ಎತ್ತಿ ದೀಪಕ್ಕೆ ಒಡ್ಡಿ ನೋಡಿ, ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಕೆಂಪು ತೊಟ್ಟಿಗೆ. ಮಾತು ಕಡಿಮೆ. ಆ ಮೇಜಿಗೆ ಕಣ್ಣು ಬೇಕು, ನಾಲಗೆ ಬೇಡ.

ನಾಲಗೆಯ ಕೆಲಸಕ್ಕೆ ಪಕ್ಕದ ಕುರ್ಚಿಯ ರೇಡಿಯೋ ಇದ್ದಳು. ಪ್ಯಾಕಿಂಗಿನಿಂದ ಬದಲಾಗಿ ಬಂದ ಅವಳಿಗೆ ಭೂತಗನ್ನಡಿಯೇ ಕೆಲಸ ಕಲಿಸಿದ್ದು.

"ಮೊದಲು ಮೂತಿ ನೋಡು, ಆಮೇಲೆ ಮೈ ನೋಡು," ಎಂದಿದ್ದಳು. ಮೂತಿ ನುಣ್ಣಗೆ, ಮೊನೆ ಕಡೆಗೆ ಸಣ್ಣಗಾಗಿದ್ದರೆ ಸ್ಲಿಪ್. ಅದಕ್ಕೆ ಸೂಜಿಯನ್ನು ಒತ್ತಿ ಕೂರಿಸಬೇಕು. ಮೂತಿಯ ಸುತ್ತ ಬಳೆಯಂತೆ ಕಟ್ಟಿದ್ದು, ಒಳಗೆ ತಿರುಪಿನ ಗೆರೆ ಇದ್ದರೆ ಲಾಕ್. ಅದಕ್ಕೆ ಸೂಜಿಯನ್ನು ತಿರುಗಿಸಿ ಬಿಗಿಯಬೇಕು, ಜೋರಾಗಿ ಒತ್ತಿದರೂ ಕಳಚುವುದಿಲ್ಲ. ಇವೆರಡರ ಮೈಮೇಲೂ ಮಿಲಿಲೀಟರಿನ ಗೆರೆ. ಇಲ್ಲಿ ಮಾಡುವ ಇನ್ಸುಲಿನ್ ಸಿರಿಂಜಿಗೆ ಮೂತಿಯೇ ಇಲ್ಲ, ಸಣ್ಣ ಸೂಜಿ ಕೊಳವೆಗೇ ಅಂಟಿರುತ್ತದೆ. ಅದರ ಮೈಮೇಲೆ ಯೂನಿಟ್ಟಿನ ಗೆರೆ. ಅದರಲ್ಲೂ ಎರಡು ಜಾತಿ. ನಲವತ್ತರದ್ದಕ್ಕೆ ಸೂಜಿಯ ಮೇಲೆ ಕೆಂಪು ಟೋಪಿ, ನೂರರದ್ದಕ್ಕೆ ಕಿತ್ತಳೆ ಟೋಪಿ. ಕೊಳವೆ ಎರಡಕ್ಕೂ ಒಂದೇ. ಅದೇ ಒಂದು ಮಿಲಿಲೀಟರನ್ನು ಒಂದರಲ್ಲಿ ನಲವತ್ತು ಭಾಗ ಮಾಡಿರುತ್ತಾರೆ, ಇನ್ನೊಂದರಲ್ಲಿ ನೂರು.

"ಟೋಪಿ ಮಾತ್ರ ನಂಬಬೇಡ. ಟೋಪಿ ಹಾಕೋದು ಬೇರೆ ಯಂತ್ರ. ಮೈಮೇಲಿನ ಅಚ್ಚು ಓದು."

"ಗಂಡು ನೋಡೋಕೆ ಬಂದಾಗ ನಮ್ಮಜ್ಜಿನೂ ಇದನ್ನೇ ಹೇಳಿದ್ಲು ಕಣೇ," ಎಂದಳು ರೇಡಿಯೋ. "ನಾನು ಟೋಪಿ ನೋಡಿ ಒಪ್ಕೊಂಡೆ. ಈಗ ಅನುಭವಿಸ್ತಿದೀನಿ."

ಆ ಕಾರ್ಖಾನೆಯಲ್ಲಿ ಹಳೆಯದೊಂದು ರೂಢಿ. ಒಂದು ಬಗೆ ನಿಲ್ಲಿಸಿ ಇನ್ನೊಂದು ಬಗೆ ಶುರುಮಾಡಿದಾಗ ಮೊದಲು ಇಳಿಯುವ ಕೆಲವು ಡಬ್ಬಿಗಳ ಹೊರಗಿನ ಅಚ್ಚು ಮಸುಕಾಗಿರುತ್ತದೆ, ಅಂಚು ನಜ್ಜಾಗಿರುತ್ತದೆ. ಒಳಗಿನ ಮಾಲು ಚೆನ್ನಾಗಿಯೇ ಇರುತ್ತದೆಂದು ಮೇಲ್ವಿಚಾರಕ ಅವನ್ನು ಪಕ್ಕಕ್ಕಿಟ್ಟು, ಮನೆಯಲ್ಲಿ ಬೇಕಾದವರಿಗೆ ಹಂಚುತ್ತಿದ್ದ. ಅವು ಕಡೆಯ ಮೇಜಿಗೆ ಬರುತ್ತಿರಲಿಲ್ಲ. ಮಾರಾಟಕ್ಕಲ್ಲದ ಮಾಲಿಗೆ ತಪಾಸಣೆ ಯಾಕೆ? ಭೂತಗನ್ನಡಿಯ ಅಪ್ಪನಿಗೆ ದಿನಾ ಇನ್ಸುಲಿನ್ ಬೇಕಿತ್ತು. ಕೆಂಪು ಟೋಪಿಯ ಒಂದು ದೊಡ್ಡ ಡಬ್ಬಿಯನ್ನು ಅವಳೂ ಮನೆಗೆ ಒಯ್ದಿದ್ದಳು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಆ ಡಬ್ಬಿಯೊಳಗಿನ ಒಂದನ್ನೂ ಅವಳು ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಮನೆಯಲ್ಲಿ ಅಪ್ಪ ನೀರು ಕುಡಿಯತೊಡಗಿದ್ದು ಅದಾದ ಮೇಲೆ. ಊಟದ ನಡುವೆ ಒಂದು ಲೋಟ, ಕೈ ತೊಳೆದು ಒಂದು ಲೋಟ, ಮಲಗುವಾಗ ತಲೆದೆಸೆಗೆ ತುಂಬಿದ ಚೊಂಬು. ಬೆಳಗಾಗುವಷ್ಟರಲ್ಲಿ ಚೊಂಬು ಬರಿದು. ಬಚ್ಚಲ ಬಾಗಿಲು ಮತ್ತೆ ಮತ್ತೆ ಕಿರುಗುಟ್ಟುವ ಸದ್ದು ನಿದ್ದೆಯಲ್ಲೂ ಅವಳ ಕಿವಿಗೆ ಬೀಳುತ್ತಿತ್ತು. ಅಂಗಿಯ ಕೊರಳಪಟ್ಟಿಯೊಳಗೆ ಅಪ್ಪನ ಕತ್ತು ಬರಬರುತ್ತಾ ಸಣ್ಣಗಾಯಿತು.

"ಒಂಟೆ ಹಾಗೆ ಕುಡಿಯೋದು ನೋಡು," ಅಮ್ಮ ಗೊಣಗಿದಳು.

"ನಿನ್ನ ಕಟ್ಕೊಂಡ ಮೇಲೆ ಮರುಭೂಮಿ ತಾನೇ," ಎಂದ ಅಪ್ಪ. ಆದರೆ ನಗಲಿಲ್ಲ. ಈಚೆಗೆ ಅವನು ತಮಾಷೆಯನ್ನು ಅರ್ಧಕ್ಕೇ ಬಿಟ್ಟುಬಿಡುತ್ತಿದ್ದ, ಉಳಿದದ್ದನ್ನು ಹೇಳಲು ತ್ರಾಣ ಸಾಲದವನಂತೆ.

ಸೂಜಿ ಚುಚ್ಚುವುದು ಅಮ್ಮನ ಕೆಲಸ. ಇಪ್ಪತ್ತು ಎಂದು ಡಾಕ್ಟರು ಹೇಳಿದ್ದರು. ಕನ್ನಡಕ ಏರಿಸಿಕೊಂಡು ಕೊಳವೆಯ ಮೇಲೆ ಇಪ್ಪತ್ತನ್ನು ಹುಡುಕಿ ಅಲ್ಲಿಯವರೆಗೆ ಔಷಧಿ ಎಳೆಯುತ್ತಿದ್ದಳು. ಸಕ್ಕರೆ ಏರಿದೆಯೆಂದು ಡಾಕ್ಟರು ಮೂವತ್ತು ಮಾಡಿದರು. ಆಗಲೂ ಇಳಿಯಲಿಲ್ಲ. ಕದ್ದುಮುಚ್ಚಿ ಸಿಹಿ ತಿನ್ನುತ್ತಿದ್ದೀರಾ ಎಂದು ಅಪ್ಪನನ್ನು ಗದರಿ ನಲವತ್ತು ಮಾಡಿದರು. ಅಪ್ಪ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಮ್ಮನಿಗೆ ಮಾತ್ರ ಒಂದು ಸಂತೋಷವಿತ್ತು. ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಬಾಟಲಿ ತೆಗೆದು ಅಲ್ಲಾಡಿಸಿ ತೋರಿಸುತ್ತಿದ್ದಳು.

"ನೋಡೇ, ಡೋಸ್ ಏರಿಸಿದ್ರೂ ಈ ಬಾಟ್ಲಿ ಮುಗೀತಾನೇ ಇಲ್ಲ. ಅಕ್ಷಯಪಾತ್ರೆ ಕಣೆ."

ಮಗಳು ಅದಕ್ಕೆ ಸುಮ್ಮನೆ ನಕ್ಕಿದ್ದಳು. ಆ ಮಾತು ಎದೆಯೊಳಗೆ ಎಲ್ಲೋ ಕೂತಿತು. ಯಾಕೆ ಕೂತಿತೆಂದು ಅವಳು ಕೇಳಿಕೊಳ್ಳಲಿಲ್ಲ. ದಿನವಿಡೀ ನೋಡುವುದೇ ಕೆಲಸವಾದವರು ಮನೆಗೆ ಬಂದಾಗ ಕಣ್ಣನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರುತ್ತಾರೇನೋ.

ಒಂದು ದಿನ ಬೆಳಗ್ಗೆ ಅವಳು ಬೇಗ ಹೊರಟಳು. ಚಹಾದ ಹೊತ್ತಿಗೆ ಮುಂಚೆ ಮೇಲ್ವಿಚಾರಕ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟ. ಯಾವುದೋ ಮೆಡಿಕಲ್ ಶಾಪಿನವರು ವಾಪಸು ಕಳಿಸಿದ್ದು.

"ಅದೇನೋ ನಂಬರ್ ಸರಿ ಇಲ್ವಂತೆ. ಒಂಚೂರು ನೋಡಮ್ಮ."

ರೇಡಿಯೋ ಪೊಟ್ಟಣ ಹರಿದಳು. "ಕೆಂಪು ಟೋಪಿ, ಸೂಜಿ ನೆಟ್ಟಗಿದೆ. ಇನ್ನೇನು ಕುಂಕುಮ ಇಟ್ಟು ಕಳಿಸ್ಬೇಕಿತ್ತಾ ಇವ್ರಿಗೆ?"

ಭೂತಗನ್ನಡಿ ಒಂದನ್ನು ತೆಗೆದು ದೀಪಕ್ಕೆ ಹಿಡಿದಳು. ಬೆರಳಲ್ಲಿ ತಿರುಗಿಸಿದಳು. ಹತ್ತು, ಇಪ್ಪತ್ತು, ಮೂವತ್ತು. ಗೆರೆಗಳು ಒತ್ತೊತ್ತಾಗಿದ್ದವು. ಕೊಳವೆಯ ತುದಿಯಲ್ಲಿ ನಲವತ್ತು ಇರಬೇಕಿತ್ತು. ಅಲ್ಲಿ ನೂರು ಇತ್ತು.

ಬಗೆ ಬದಲಿಸುವಾಗ ನೂರರ ಅಚ್ಚಿನ ಕೊಳವೆಗಳು ಸಾಲಿನ ತೊಟ್ಟಿಯಲ್ಲಿ ಉಳಿದಿದ್ದವು. ಯಾರೂ ಬರಿದು ಮಾಡಿರಲಿಲ್ಲ. ಟೋಪಿ ಯಂತ್ರದಲ್ಲಿ ಮಾತ್ರ ಕೆಂಪು ತುಂಬಿದ್ದರು. ಹಾಗೆ ಉಳಿದವುಗಳಲ್ಲಿ ಕೆಲವು ಅವಳ ಹಿಡಿಗೆ ಸಿಗದೆ ಅಂಗಡಿ ಸೇರಿದ್ದವು, ಮಿಕ್ಕವೆಲ್ಲ ಮೊದಲ ಡಬ್ಬಿಗಳಿಗೆ ಇಳಿದಿದ್ದವು.

ಮೊದಲ ಡಬ್ಬಿಗಳಿಗೆ.

ಅಪ್ಪನ ಬಾಟಲಿ ನಲವತ್ತರದ್ದು, ಒಂದು ಮಿಲಿಲೀಟರಿಗೆ ನಲವತ್ತು ಯೂನಿಟ್ ಔಷಧಿ. ಅದಕ್ಕೆ ಅದರದೇ ಸಿರಿಂಜಿನಲ್ಲಿ ಇಪ್ಪತ್ತೆಂದರೆ ಅರ್ಧ ಕೊಳವೆ. ಈ ನೂರರ ಕೊಳವೆಯಲ್ಲಿ ಇಪ್ಪತ್ತೆಂದರೆ ಬರೀ ಐದನೇ ಒಂದು ಪಾಲು. ಅಮ್ಮ ಇಪ್ಪತ್ತೆಂದು ಚುಚ್ಚಿದ್ದು ನಿಜವಾಗಿ ಎಂಟು. ಈಗ ನಲವತ್ತೆಂದು ಚುಚ್ಚುತ್ತಿರುವುದು ಹದಿನಾರು. ಬಾಟಲಿ ಮುಗಿಯದೆ ಇನ್ನೇನು? ಅಕ್ಷಯಪಾತ್ರೆಯಿಂದ ತಿನ್ನುತ್ತಾ ಅಪ್ಪ ಉಪವಾಸವಿದ್ದ.

"ಏನೇ, ಮುಖ ಹಾಗಾಯ್ತು?" ರೇಡಿಯೋಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಇದೇ ಡಬ್ಬಿ ನಮ್ಮನೇಲೂ ಇದೆ."

ಫೋನುಗಳನ್ನು ಒಳಗೆ ಬಿಡುವುದಿಲ್ಲ. ಅವು ಇರುವುದು ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿ. ಅಲ್ಲಿಗೆ ಹೋಗುವಾಗ ಅವಳು ಓಡಲಿಲ್ಲ. ಸಕ್ಕರೆ ಏರಿದೆ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮೆಲ್ಲಗೆ ಇಳಿಸುತ್ತಾರೆ, ಕೆಟ್ಟ ಡಬ್ಬಿ ಎಸೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಸುಳ್ಳೇನೂ ಅಲ್ಲ.

"ಅಮ್ಮಾ, ನಾನು ತಂದ ಸಿರಿಂಜು ಇನ್ನು ಮುಟ್ಟಬೇಡ."

"ಅಯ್ಯೋ, ಅದು ನಿನ್ನೇನೇ ಮುಗೀತಲ್ಲೇ. ಇವತ್ತು ಬೆಳಗ್ಗೆ ಅಂಗಡಿಯಿಂದ ಹೊಸದು ತಂದೆ. ಅದೇ ಕೆಂಪು ಟೋಪಿದು."

ಅವಳ ಕೈ ಕಪಾಟಿನ ಬಾಗಿಲ ಮೇಲೇ ನಿಂತಿತು.

"ಎಷ್ಟು ಹಾಕಿದೆ?"

"ಡಾಕ್ಟ್ರು ಹೇಳಿದ ನಲವತ್ತೇ. ಆದ್ರೆ ಇದು ಎಷ್ಟು ಎಳೀತೇ! ಕೊಳವೆ ಭರ್ತಿ ಆಗ್ಹೋಯ್ತು. ಹೀಗಾದ್ರೆ ಬಾಟ್ಲಿ ಬಾಳಿಕೆ ಬರಲ್ಲ ನೋಡು."

ಸರಿಯಾದ ಸಿರಿಂಜು. ಸರಿಯಾದ ಗೆರೆ. ಹದಿನಾರಕ್ಕೆ ಒಗ್ಗಿದ್ದ ಮೈಗೆ ಒಂದೇ ಸಲ ನಲವತ್ತು. ತಪ್ಪು ಕೊಳವೆಯಿಂದಾಗಿ ಏರಿಸಿದ ಲೆಕ್ಕ ಸರಿಯಾದ ಕೊಳವೆಗೆ ಬಂದು ಕೂತಿತ್ತು.

"ಅಪ್ಪ ತಿಂಡಿ ತಿಂದ್ರಾ?"

"ಬೇಡ ಅಂದ್ರು, ಹೊಟ್ಟೆ ಸರಿ ಇಲ್ಲ ಅಂತ. ಮಲಗಿದಾರೆ. ಎಷ್ಟು ದಿನ ಆಗಿತ್ತು ಇಷ್ಟು ಗಾಢ ನಿದ್ದೆ ಬಂದು. ಬೆವರ್ತಿದಾರೆ, ಫ್ಯಾನ್ ಹಾಕಿದೀನಿ. ಎಬ್ಬಿಸಬೇಡ ಅಂತ ಪಕ್ಕದ ಮನೆಯೋರಿಗೂ ಹೇಳಿದೀನಿ."

"ಅಮ್ಮಾ, ಎಬ್ಬಿಸು. ಈಗಲೇ ಎಬ್ಬಿಸು."

"ಯಾಕೇ, ಪಾಪ..."

"ಎಬ್ಬಿಸಮ್ಮಾ! ಅದು ನಿದ್ದೆ ಅಲ್ಲ, ಸಕ್ಕರೆ ಇಳಿದುಹೋಗಿದೆ. ಫೋನ್ ಕೆಳಗಿಡಬೇಡ."

ಚಪ್ಪಲಿಯ ಸದ್ದು. ಮಂಚದ ಕಿರುಗುಟ್ಟು. "ರೀ. ರೀ, ಏಳಿ." ಆಮೇಲೆ ಅದೇ ಮಾತು ಇನ್ನೊಂದು ದನಿಯಲ್ಲಿ, ಮದುವೆಯಾದಂದಿನಿಂದ ಅಮ್ಮ ಎಂದೂ ಬಳಸದ ದನಿಯಲ್ಲಿ. "ಕಣ್ಣು ಬಿಟ್ರು. ನನ್ನ ಗುರುತೇ ಸಿಕ್ತಿಲ್ಲ ಕಣೇ, ಏನೇನೋ ಗೊಣಗ್ತಿದಾರೆ."

"ನುಂಗ್ತಾರಾ ನೋಡು. ಒಂದು ಚಮಚ ಸಕ್ಕರೆ ನೀರು ತುಟಿಗಿಡು. ನುಂಗಿದ್ರೆ ಇನ್ನೊಂದು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಸುರಿಯಬೇಡ. ಪಕ್ಕದ ಮನೆಯೋರನ್ನ ಕೂಗು, ಆಂಬುಲೆನ್ಸ್ ಕರೀಲಿ."

ಅಮ್ಮ ಫೋನನ್ನು ಎಲ್ಲೋ ಇಟ್ಟಳು. ಸಕ್ಕರೆ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಉರುಳುತ್ತಾ ಹೋಯಿತು. ಚಮಚ ಲೋಟಕ್ಕೆ ತಾಗಿತು. ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದೊಂದೇ. ಆ ಸದ್ದಿನೊಳಗೆ ಅವಳು ಅಪ್ಪನ ಗಂಟಲನ್ನು ಹುಡುಕಿದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಬಿಳಿ ನಿಲುವಂಗಿಗಳು ಒಂದೂ ಅಲುಗಲಿಲ್ಲ.

"ನುಂಗಿದ್ರು," ಎಂದಳು ಅಮ್ಮ ಕೊನೆಗೆ. "ಎರಡನೇದೂ ನುಂಗಿದ್ರು."

ಅದರ ಹಿಂದೆಯೇ ದೂರದಿಂದ, ತೊದಲುತ್ತಾ, ಅಪ್ಪನ ದನಿ: "ಡಾಕ್ಟ್ರು ಬೈತಾರೆ ಕಣೇ. ಸಿಹಿ ಕೊಡಬೇಡ."

ಅವಳು ಇನ್ನೊಂದು ಕೈಯಲ್ಲಿ ನಿಲುವಂಗಿ ಕಳಚತೊಡಗಿದಳು. "ಕೊಡ್ತಾನೇ ಇರಮ್ಮ. ಔಷಧಿ ಇನ್ನೂ ಮೈಯಲ್ಲಿದೆ, ಮತ್ತೆ ಇಳಿಸುತ್ತೆ. ಆಸ್ಪತ್ರೇಲಿ ನಲವತ್ತು ಹಾಕಿದೆ ಅಂತ ಮೊದಲು ಹೇಳು. ನಾನು ನೇರ ಅಲ್ಲಿಗೇ ಬರ್ತೀನಿ."

ಚೀಲ ಎತ್ತಿಕೊಂಡು ತಿರುಗಿದರೆ ಬಾಗಿಲಲ್ಲಿ ಮೇಲ್ವಿಚಾರಕ ನಿಂತಿದ್ದ. ಹಿಂದೆ ರೇಡಿಯೋ, ಬಾಯಿಗೆ ಸೆರಗು ಒತ್ತಿಕೊಂಡು.

"ಇವಳು ಹೇಳಿದ್ಲು," ಎಂದ. "ನೀನು ಹೋಗಮ್ಮ, ಹೊರಗೆ ಗಾಡಿ ನಿಲ್ಲಿಸಿದೀನಿ. ಸಾಲು ನಿಲ್ಸಿದೀನಿ. ಡಬ್ಬಿ ತಗೊಂಡೋರಿಗೆಲ್ಲ, ಅಂಗಡಿಯೋರಿಗೂ, ಈಗಲೇ ಹೇಳಿಬಿಡ್ತೀನಿ. ಅದನ್ನ ಎಸೆದು ಹೊಸದು ತಗೊಳ್ಳಿ ಅಂತ."

"ಹಾಗನ್ನಬೇಡಿ ಸಾರ್."

"ಯಾಕೆ?"

"ನಮ್ಮನೇಲಿ ಆಗಿದ್ದು ಅದೇ. ಹಳೇದು ಮುಗಿದು ಹೊಸದು ತಗೊಂಡ್ರು. ಈ ಡಬ್ಬಿ ಬಂದ ಮೇಲೆ ಡಾಕ್ಟ್ರು ಡೋಸ್ ಏರಿಸಿದಾರಾ ಅಂತ ಮೊದಲು ಕೇಳಿ. ಏರಿಸಿದ್ರೆ, ಡಾಕ್ಟ್ರ ಹತ್ರ ಮಾತಾಡದೆ ಹೊಸ ಸಿರಿಂಜಲ್ಲಿ ಹಾಕಬಾರದು."

ಅವನು ತಲೆಯಾಡಿಸಿದ. ಆಡಿಸುತ್ತಿದ್ದ ತಲೆ ನಡುವೆಯೇ ನಿಂತಿತು.

"ನಮ್ಮಣ್ಣನಿಗೂ ಒಂದು ಡಬ್ಬಿ ಕೊಟ್ಟಿದ್ದೆ," ಎಂದ. ಆಮೇಲೆ, ಯಾರಿಗೂ ಅಲ್ಲದಂತೆ, "ಅತ್ತಿಗೆ ಮೊನ್ನೆ ನಗ್ತಾ ಇದ್ರು. ಬಾಟ್ಲಿ ಮುಗೀತಾನೇ ಇಲ್ಲ ಅಂತ."

ಅವನು ಕಪಾಟಿನಿಂದ ಫೋನು ತೆಗೆದ. ಅವಳು ಅವನನ್ನು ದಾಟಿ ಹೊರಗೆ ಓಡಿದಳು. ಅಂಗಳದಲ್ಲಿ ಗಾಡಿ ಹತ್ತುವಾಗ ತೆರೆದ ಕಿಟಕಿಯಿಂದ, ಸ್ಪೀಕರಿಗೆ ಹಾಕಿದ್ದ ಅವನ ಫೋನಿನ ಸದ್ದು ಕೇಳುತ್ತಿತ್ತು. ಅಣ್ಣನ ಮನೆಯಲ್ಲಿ ಗಂಟೆ ಬಾರಿಸುತ್ತಿತ್ತು, ಯಾರೂ ಎತ್ತದೆ ನಿಂತಿತು, ಅವನು ಮತ್ತೆ ಒತ್ತಿದ, ಮತ್ತೆ ಬಾರಿಸುತ್ತಿತ್ತು.