ಯಾವ ಶುಕ್ರವಾರ, ಯಾರ ಮಧ್ಯಾಹ್ನ

ಏಲಕ್ಕಿ ವ್ಯಾಪಾರಿ ಅಸಾದುಲ್ಲಾ ಸಾಹೇಬರು ಸಕಲೇಶಪುರದ ಅಂಚೆ ಕಚೇರಿಗೆ ಬಂದರೆ ಅವರಿಗಿಂತ ಮೊದಲು ಏಲಕ್ಕಿಯ ಪರಿಮಳ ಒಳಗೆ ಬರುತ್ತಿತ್ತು. ೧೯೬೨ರ ಮಾರ್ಚ್ ಆರು, ಮಂಗಳವಾರ, ಜೊತೆಗೆ ಮಗಳು ಮಸೂದಾಳೂ ಬಂದಳು. ಹೈಸ್ಕೂಲು ಮುಗಿಸಿದ ಅವಳೇ ಅಪ್ಪನ ಇಂಗ್ಲಿಷ್ ಪತ್ರಗಳಿಗೆಲ್ಲ ರೈಟರು. ತಂತಿ ಗುಮಾಸ್ತನಾದ ನಾನು ಬೆಳಿಗ್ಗೆಯೇ ಲಂಡನ್ನಿನಿಂದ ಬಂದ ತಂತಿಯೊಂದನ್ನು ಅವರ ಮನೆಗೆ ಕಳಿಸಿದ್ದೆ: ನಲವತ್ತು ಪೆಟ್ಟಿಗೆ ಏಲಕ್ಕಿ ಬೇಕು, ಒಪ್ಪಿಗೆ ಮುಂದಿನ ಶುಕ್ರವಾರ ಮಧ್ಯಾಹ್ನದೊಳಗೆ ತಲುಪಬೇಕು, ತಪ್ಪಿದರೆ ಬೇರೆಯವರಲ್ಲಿ ಕೊಳ್ಳುತ್ತೇವೆ.

ದಲ್ಲಾಳಿಯ ಹಂಗಿಲ್ಲದೆ ಕಡಲಾಚೆಗೆ ಮಾರುವ ಮೊದಲ ಅವಕಾಶ ಅದು. ಆದರೆ ಅಷ್ಟು ಏಲಕ್ಕಿ ಇದ್ದದ್ದು ವನಗೂರಿನ ಬೆಳೆಗಾರ ತೋಟಪ್ಪನಲ್ಲಿ. ಅವನು ಹ್ಞೂಂ ಅನ್ನದೆ ಸಾಹೇಬರು ಒಪ್ಪುವಂತಿರಲಿಲ್ಲ.

ಸಾಹೇಬರಿಗೆ ಆತುರವಿರಲಿಲ್ಲ. ಮುಂದಿನ ಶುಕ್ರವಾರವೆಂದರೆ ಹದಿನಾರು, ರಂಜಾನ್ ಹಬ್ಬ ಮುಗಿಸಿ ತೋಟಪ್ಪನಲ್ಲಿಗೆ ಜೀಪು ಹತ್ತಿದರಾಯಿತು ಎಂದರು. ಒಂಬತ್ತೂ ಶುಕ್ರವಾರವೇ, ಕೇಳಿಬಿಡೋಣ ಎಂದಳು ಮಗಳು. ವಿಲಾಯಿತಿಯವರ ಮುಂದೆ ದಡ್ಡರಾಗುವುದು ಬೇಡವೆಂದು ಅಪ್ಪ ಮೀಸೆ ತಿರುವಿದರು.

"ಹಬ್ಬ ಯಾವತ್ತು ಅಬ್ಬಾ?"

"ನಾಳೆ ಚಂದ್ರ ಕಂಡ್ರೆ ಗುರುವಾರ. ಕಾಣ್ದಿದ್ರೆ ಶುಕ್ರವಾರ."

"ತಲೆ ಮೇಲಿರೋ ಚಂದ್ರನ್ನೇ ಕಣ್ಣಾರೆ ಕಾಣ್ದೆ ನಂಬಲ್ಲ ನೀವು. ಲಂಡನ್ನಿನ ಶುಕ್ರವಾರ ಹೆಂಗೆ ನಂಬ್ಬುಟ್ರಿ?"

ನಗು ಮುಚ್ಚಿಕೊಳ್ಳಲು ನಾನು ಮೇಜಿನ ಕೆಳಗೆ ಅಂಟಿನ ಬಾಟಲಿ ಹುಡುಕಿದೆ. ತಲೆಯೆತ್ತಿದಾಗ ಮಸೂದಾ ಉತ್ತರದ ಖರ್ಚನ್ನೂ ನಾವೇ ಕಟ್ಟುವ ಜವಾಬಿ ತಂತಿಯ ಫಾರಂ ತುಂಬಿಸುತ್ತಿದ್ದಳು: ಒಂಬತ್ತೋ ಹದಿನಾರೋ, ಮಧ್ಯಾಹ್ನ ನಿಮ್ಮದೋ ನಮ್ಮದೋ?

ಮರುದಿನ ಬಂದ ಉತ್ತರವನ್ನು ದೊರೆಗಳ ಧಾಟಿಯಲ್ಲಿ, ಮೂಗಿನಿಂದಲೇ ಓದಿ ಹೇಳಿದೆ: ಮಾರ್ಚ್ ಒಂಬತ್ತು, ಲಂಡನ್ ಗಡಿಯಾರದಲ್ಲಿ ಹನ್ನೆರಡು. ಸಾಹೇಬರು ನಗಲಿಲ್ಲ. ಆಗಲೇ ಜೀಪು ವನಗೂರಿಗೆ ಹೊರಟಿತು. ತೋಟಪ್ಪ ಹೆಗ್ಗದ್ದೆಗೆ ನೆಂಟರ ಮನೆಗೆ ಹೋಗಿದ್ದ. ಜೀಪು ಅಲ್ಲಿಗೂ ಹೋಗಿ, ಅಲ್ಲೂ ಅವನು ಸಿಗದೆ, ಶುಕ್ರವಾರ ಮಧ್ಯಾಹ್ನದೊಳಗೆ ಬರುವಂತೆ ನೆಂಟರಿಗೆ ಹೇಳಿ ಬಂತು.

ಗುರುವಾರ ಹಬ್ಬವಾಯಿತು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಸಾಹೇಬರು ಮಗಳೊಂದಿಗೆ ಕಚೇರಿಯ ಮೆಟ್ಟಿಲಲ್ಲಿ ಕಾದಿದ್ದರು. ತೋಟಪ್ಪ ಧೂಳಿನ ಮುಖದಲ್ಲಿ ಬಂದಾಗ ಗೋಡೆ ಗಡಿಯಾರ ಎರಡು ಹೊಡೆಯಿತು.

"ನನ್ನದು ಒಪ್ಗೆ ಐತೆ ಸಾಬ್ರೇ. ಆದ್ರೆ ಮಧ್ಯಾಹ್ನ ಹನ್ನೆರಡು ದಾಟೋಯ್ತಲ್ಲ, ನನ್ನಿಂದ ಕೆಟ್ಟೋಯ್ತು."

"ಕೆಟ್ಟಿಲ್ಲ ಮಾರಾಯ," ಎಂದರು ಸಾಹೇಬರು, ಮಗಳತ್ತ ನೋಡದೆ. "ಅಲ್ಲಿ ಈಗ ಬೆಳಿಗ್ಗೆ ಎಂಟೂವರೆ. ನಮ್ಗೆ ಸಂಜೆ ಐದೂವರೆ ಆದ್ರೇನೇ ಅವರ ಹನ್ನೆರಡು."

ನಾನು ತುರ್ತು ತಂತಿ ಕುಟ್ಟಿದೆ.

ಶನಿವಾರ ಬೆಳಿಗ್ಗೆ ಲಂಡನ್ ಉತ್ತರಿಸಿತು: ಒಪ್ಪಿಗೆ ಸಮಯಕ್ಕೆ ತಲುಪಿತು, ಮಾಲು ಐದನೇ ತಾರೀಖಿನೊಳಗೆ ಕಳಿಸಿ. ಮಸೂದಾ ಹಿಗ್ಗಿ ಕಾಗದವನ್ನು ಮಡಿಸುತ್ತಿದ್ದಳು. ಸಾಹೇಬರು ಅದನ್ನು ಮತ್ತೆ ಬಿಡಿಸಿ, ಕೌಂಟರಿನೊಳಗೆ ತಾವೇ ಕೈಹಾಕಿ ಜವಾಬಿ ಫಾರಂ ಎಳೆದುಕೊಂಡರು.

"ಯಾವ ತಿಂಗಳ ಐದು ಅಂತ ಬರಿ ಬೇಟಿ. ಹಡಗು ಇಲ್ಲಿಂದ ಹೊರಡೋ ದಿನವೋ, ಅಲ್ಲಿ ಸೇರೋ ದಿನವೋ, ಅದ್ನೂ ಕೇಳು."