ಡಬ್ಬಿ ಕಟ್ಟಿದ ಕೈ

ರಾಕ್ಷಸನ ಪ್ರಾಣ ಏಳು ಕಡಲಿನಾಚೆ ಒಂದು ಗಿಳಿಯ ಕೊರಳಲ್ಲಿತ್ತಂತೆ. ಗುಬ್ಬಿಯ ಅಮ್ಮನ ಪ್ರಾಣ ಅಷ್ಟು ದೂರವೇನೂ ಹೋಗಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಮಗಳ ಊಟವನ್ನು ಬಿಸಿ ಆರದಂತೆ ಶಾಲೆಗೆ ಹೊತ್ತೊಯ್ಯುವ ಡಬ್ಬಿಯೊಳಗಿತ್ತು. ಆ ಡಬ್ಬಿಯನ್ನು ದಿನಾ ಕಟ್ಟುತ್ತಿದ್ದವಳು ಮಾತ್ರ ನಾದಿನಿ.

ಆರು ವರ್ಷದ ಗುಬ್ಬಿಯ ಹೊಟ್ಟೆ ಗಾಜಿನ ಬಳೆಯ ಹಾಗೆ. ಒಂದಿಷ್ಟು ಹೆಚ್ಚುಕಮ್ಮಿಯಾದರೂ ಭೇದಿ. ಮೊದಲೆಲ್ಲ ಅಮ್ಮನೇ ಕಟ್ಟುತ್ತಿದ್ದಳು. ತುಪ್ಪದಲ್ಲಿ ಹುರಿದದ್ದು, ಸಿಹಿ, ಜೊತೆಗೆ ಬಾಟಲಿ ತುಂಬ ಸೇಬಿನ ರಸ. ಪ್ರೀತಿ ಉಕ್ಕಿದಷ್ಟೂ ಮಗು ತರಗತಿಯಿಂದ ಶೌಚಾಲಯಕ್ಕೆ ಓಡುತ್ತಿತ್ತು. ನಾದಿನಿ ಈ ಮನೆಗೆ ಬಂದು ನೆಲೆಸಿದ ಮೇಲೆ ರಸ ನಿಂತಿತು, ಕರಿದದ್ದು ನಿಂತಿತು. ಮೆತ್ತಗೆ ಬೆಂದ ಅನ್ನ, ಬೇಯಿಸಿ ಹಿಸುಕಿದ ಕ್ಯಾರೆಟ್, ಚಿಟಿಕೆ ಉಪ್ಪು, ಸಿಪ್ಪೆ ಸುಲಿಯದ ಬಾಳೆಹಣ್ಣು, ಕುದಿಸಿ ಆರಿಸಿದ ನೀರು. ಇಷ್ಟೇ. ಗುಬ್ಬಿ ಓಡುವುದೂ ನಿಂತಿತು.

"ಚಿಕ್ಕವಳಿದ್ದಾಗ ನನಗೂ ಇದೇ ಹೊಟ್ಟೆ, ಅತ್ತಿಗೆ," ಎಂದಿದ್ದಳು ನಾದಿನಿ ನಗುತ್ತಾ.

ಆ ಮಾತು ಅಮ್ಮನಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಹೊತ್ತವಳು ತಾನು, ಹೆತ್ತವಳು ತಾನು, ಹೊಟ್ಟೆ ಮಾತ್ರ ಇವಳದ್ದಂತೆ! ಗಂಡ ತಂಗಿಯ ಕೈಗುಣವನ್ನು ಹೊಗಳಿದ. ಅಮ್ಮ ತುತ್ತು ಮಾಡಿ ತಂದರೆ, ಇದನ್ನು ಅತ್ತೆ ಮಾಡಿದ್ದಾ ಎಂದು ಕೇಳಿಯೇ ಮಗಳು ಬಾಯಿ ತೆರೆಯತೊಡಗಿದಳು. ಒಂದು ಸಲ ಬೆಚ್ಚಿ ಎದ್ದಾಗ ಕರೆದದ್ದೂ ಅತ್ತೆಯನ್ನೇ. ಅಂದಿನಿಂದ ಅಮ್ಮ ಬಾಗಿಲ ಮರೆಯಲ್ಲಿ ನಿಂತು ನಾದಿನಿಯ ಕೈಯನ್ನೇ ಕಾಯತೊಡಗಿದಳು. ಎಷ್ಟು ಅಕ್ಕಿ, ಎಷ್ಟು ನೀರು, ಎಷ್ಟು ಉಪ್ಪು, ಎಲ್ಲವೂ ಕಣ್ಣಿಗೆ ಬಿತ್ತು. ಅನ್ನ ತುಂಬುವ ಮೊದಲು ನಾದಿನಿ ಡಬ್ಬಿಯಿಂದ ನೀರು ಚೆಲ್ಲುವುದೂ ಕಂಡಿತು. ತೊಳೆಯುತ್ತಿದ್ದಾಳೆ, ಇದರಲ್ಲೇನು ಮಹಾ ಎಂದುಕೊಂಡಳು.

ಒಂದು ದಿನ ಕೋಳಿಗಿಂತ ಮೊದಲೇ ಎದ್ದು ಅನ್ನ ಮಾಡಿದಳು. ನಾದಿನಿಯ ಅನ್ನಕ್ಕಿಂತ ಮೆತ್ತಗೆ, ಕ್ಯಾರೆಟ್ ಅವಳದಕ್ಕಿಂತ ನುಣ್ಣಗೆ. ಮಗಳ ನಾಲಿಗೆ ಸುಟ್ಟೀತೆಂದು ತಟ್ಟೆಯಲ್ಲಿ ಹರವಿ ಆರಲು ಬಿಟ್ಟಳು. ಉಗುರುಬೆಚ್ಚಗಾದ ಮೇಲೆ ತಣ್ಣನೆಯ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಳು. ಕಣ್ಣುಜ್ಜಿಕೊಳ್ಳುತ್ತ ಬಂದ ನಾದಿನಿಗೆ, ಕಟ್ಟಿಯಾಯಿತು, ನೀನು ಮಲಗು ಹೋಗು ಎಂದಳು. ರಾಣಿ ಪಟ್ಟ ಮರಳಿ ಪಡೆದ ಗತ್ತು.

ಸಂಜೆ ಗುಬ್ಬಿ ಚಪ್ಪಲಿ ಬಿಡುವ ಮೊದಲೇ ವಾಂತಿ ಮಾಡಿಕೊಂಡಳು. ಆಮೇಲೆ ಭೇದಿ. ಮೂವರೂ ಅವಳನ್ನೆತ್ತಿಕೊಂಡು ವೈದ್ಯರಲ್ಲಿಗೆ ಓಡಿದರು. ವೈದ್ಯರು ಉಪ್ಪು ಸಕ್ಕರೆಯ ಪುಡಿ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಹೇಳಿ, ಮಧ್ಯಾಹ್ನ ಏನು ತಿಂದಿತ್ತು ಎಂದು ಕೇಳಿದರು. ಅನ್ನ ಎಂದೊಡನೆ, ಬಿಸಿಯಿತ್ತೋ ಆರಿತ್ತೋ ಎಂದರು. ಸುಡುಸುಡು ಬಿಸಿಯಾಗಿದ್ದರೆ ಚಿಂತೆಯಿಲ್ಲ, ಪೂರ್ತಿ ತಣ್ಣಗೆ ಮಂಜುಗಡ್ಡೆಯ ಜೊತೆಗಿದ್ದರೂ ಸರಿ, ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಅನ್ನವೇ ಕೆಟ್ಟದ್ದು ಎಂದರು.

ಮನೆಗೆ ಮರಳಿದ ಮೇಲೆ ಗುಬ್ಬಿ ಅತ್ತೆಯ ತೊಡೆಯ ಮೇಲೆ ಒರಗಿದಳು. ಗಂಡ ತಂಗಿಯ ಮುಂದೆ ನಿಂತ.

"ನೀನೇ ಅಲ್ವಾ ಕಟ್ಟೋದು? ನಿನ್ನ ನಂಬಿ ಬಿಟ್ಟಿದ್ನಲ್ಲೇ."

ನಾದಿನಿ ಒಮ್ಮೆ ಅತ್ತಿಗೆಯ ಕಡೆ ನೋಡಿದಳು. ಆಮೇಲೆ ಮಗುವಿನ ಹಣೆ ಸವರುತ್ತ, "ಹೂಂ ಅಣ್ಣ. ಅನ್ನ ಆರಿಹೋಗಿತ್ತು ಅನ್ಸುತ್ತೆ. ನಂದೇ ತಪ್ಪು," ಎಂದಳು.

ಅಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾದಿನಿಯ ಕೈಗುಣದ ಕತೆ ಅಂದಿಗೇ ಮುಗಿಯುತ್ತಿತ್ತು, ಡಬ್ಬಿ ತಾನಾಗಿ ಅಮ್ಮನ ಕೈಗೆ ಬರುತ್ತಿತ್ತು. ಒಂದು ಗಳಿಗೆ ಆ ಆಸೆ ನಾಲಿಗೆಯ ತುದಿಯಲ್ಲಿ ಸಿಹಿಯಾಗಿ ಕೂತಿತ್ತು ಕೂಡ. ಆದರೆ ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಎಲ್ಲಿ ಗೊತ್ತು? ಮಗಳು ನಾದಿನಿಯ ತೊಡೆಯ ಮೇಲೆ, ಹೊಗಳಿಕೆ ಅವಳ ತಲೆಯ ಮೇಲೆ, ಈಗ ಬೈಗುಳವೂ ಅವಳ ಪಾಲಿಗೇ. ತನಗೆ ಏನೂ ಇಲ್ಲವೇ?

"ಕಟ್ಟಿದ್ದು ನಾನು," ಎಂದಳು. "ಅವಳ್ಯಾಕೆ ನಂದನ್ನ ತಗೋತಾಳೆ? ನನ್ನ ಮಗಳು, ನನ್ನ ತಪ್ಪು."

ಗಂಡ ಬೆಪ್ಪಾಗಿ ಇಬ್ಬರನ್ನೂ ನೋಡಿ ನೀರು ಕಾಯಿಸಲು ಹೋದ. ನಾದಿನಿಗೆ ನಗು ತಡೆಯಲಾಗಲಿಲ್ಲ. "ತಗೊಳ್ಳಿ ಅತ್ತಿಗೆ, ನಿಮ್ಮದು ನಿಮಗೇ ಇರಲಿ," ಎಂದು ಮಗುವನ್ನು ಎತ್ತಿ ಅಮ್ಮನ ಮಡಿಲಿಗೆ ಜಾರಿಸಿದಳು.

ಗುಬ್ಬಿ ಚೇತರಿಸಿಕೊಂಡು ಶಾಲೆಗೆ ಹೊರಟ ದಿನ ಒಲೆಯ ಮುಂದೆ ಇಬ್ಬರೂ ಇದ್ದರು. ಬಾಯಲ್ಲಿ ಹೇಳು, ಕೈ ಹಚ್ಚಬೇಡ ಎಂದು ಅಮ್ಮ ಮೊದಲೇ ಕರಾರು ಹಾಕಿದ್ದಳು. ನಾದಿನಿ ಕೈಕಟ್ಟಿ ನಿಂತು ಹೇಳಿದಳು. ಮೊದಲು ಕುದಿಯುವ ನೀರು ಡಬ್ಬಿ ತುಂಬ ಹಾಕಿ ಮುಚ್ಚಿಡಬೇಕು, ಡಬ್ಬಿಯ ಒಳಮೈ ಕಾದ ಮೇಲೆ ಚೆಲ್ಲಿ, ಹಬೆಯಾಡುವ ಅನ್ನವನ್ನು ಕಂಠಮಟ್ಟ ತುಂಬಬೇಕು, ಮಧ್ಯೆ ಇಣುಕಬಾರದು. ಉಣ್ಣುವಾಗ ಮುಚ್ಚಳದಲ್ಲಿ ಬಡಿಸಿಕೊಂಡು ಆರಿಸಿಕೊಳ್ಳಲು ಗುಬ್ಬಿಗೆ ಗೊತ್ತು. ಅಮ್ಮ ಚೆಲ್ಲಿದ ನೀರಿನ ಹಬೆ ಮುಖಕ್ಕೆ ರಾಚಿತು. ತಾನು ಮರೆಯಲ್ಲಿ ನಿಂತು ಕದ್ದು ನೋಡಿದಾಗ ಕಾಣದ್ದು ಇದೇ.

ಚೀಲ ಹೆಗಲಿಗೇರಿಸುತ್ತ ಗುಬ್ಬಿ ಎಂದಿನಂತೆ ಕೇಳಿದಳು. "ಅತ್ತೆ ಕಟ್ಟಿದ್ದಾ?"

"ಅತ್ತೆ ಹೇಳಿದ್ಲು," ಎಂದಳು ಅಮ್ಮ, ಆ ಎರಡು ಮಾತನ್ನು ಬೇವಿನೆಲೆಯಂತೆ ಅಗಿದು ನುಂಗಿ. "ಕಟ್ಟಿದ್ದು ಅಮ್ಮ."